ಎಂಟು ಪರ್ಸೆಂಟ್ ಏರಿಕೆಯೋ, ಸೊನ್ನೆಯಿಂದ ಲೆಕ್ಕವೋ? ಒಂದು ಕೆಮಿಸ್ಟ್ರಿ ವಿಭಾಗದ ಬಜೆಟ್

ವರ್ಷಕ್ಕೊಮ್ಮೆ, ಮಾರ್ಚ್ ಇನ್ನೂ ದೂರವಿರುವಾಗಲೇ, ಕಾಲೇಜಿನ ಕಚೇರಿಯಿಂದ ಪ್ರತಿ ವಿಭಾಗಕ್ಕೂ ಒಂದು ನಮೂನೆ ಬರುತ್ತದೆ. ಅದರಲ್ಲಿ ನಾಲ್ಕು ಅಂಕಣಗಳು: ಖರ್ಚಿನ ಬಾಬ್ತು, ಹೋದ ವರ್ಷ ಮಂಜೂರಾದ ಹಣ, ಈವರೆಗೆ ಆದ ಖರ್ಚು, ಬರುವ ವರ್ಷದ ಬೇಡಿಕೆ. ಬಹುಪಾಲು ವಿಭಾಗಗಳಲ್ಲಿ ಮುಖ್ಯಸ್ಥರು ಎರಡನೇ ಅಂಕಣ ನೋಡಿ ನಾಲ್ಕನೆಯದನ್ನು ತುಂಬುತ್ತಾರೆ. ಬೆಲೆ ಏರಿದೆ, ಆದ್ದರಿಂದ ಎಲ್ಲದರ ಮೇಲೆ ಎಂಟು ಪರ್ಸೆಂಟ್. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹೋದ ವರ್ಷದ ಮೊತ್ತವನ್ನು ಬುಡವೆಂದು ಒಪ್ಪಿಕೊಂಡು ಅದರ ಮೇಲೆ ಸ್ವಲ್ಪ ಸೇರಿಸುವ ಈ ಕ್ರಮವೇ ಏರಿಕೆ ಬಜೆಟ್. ಇದಕ್ಕೆ ಎದುರಾಗಿ ನಿಲ್ಲುವುದು ಶೂನ್ಯಾಧಾರಿತ ಬಜೆಟ್. ಅಲ್ಲಿ ಹೋದ ವರ್ಷದ ಅಂಕಿಗೆ ಯಾವ ಹಕ್ಕೂ ಇಲ್ಲ. ಪ್ರತಿ ರೂಪಾಯಿಯೂ ತಾನೇಕೆ ಬೇಕೆಂಬುದನ್ನು ಮೊದಲಿನಿಂದ ಹೇಳಬೇಕು.

ಎರಡನ್ನೂ ಒಂದೇ ವಿಭಾಗದ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲೆಕ್ಕಕ್ಕಾಗಿ ಒಂದು ಅನುದಾನಿತ ಪದವಿ ಕಾಲೇಜಿನ ಕೆಮಿಸ್ಟ್ರಿ ವಿಭಾಗವನ್ನು ಕಲ್ಪಿಸಿಕೊಳ್ಳೋಣ. ಕಾಯಂ ಉಪನ್ಯಾಸಕರ ಸಂಬಳ ಸರ್ಕಾರದಿಂದ ಬರುವುದರಿಂದ ಅದು ವಿಭಾಗದ ಕಾಗದಕ್ಕೆ ಬರುವುದೇ ಇಲ್ಲ. ಉಳಿದದ್ದಕ್ಕೆ ಹೋದ ವರ್ಷ ಮಂಜೂರಾದದ್ದು 6 ಲಕ್ಷ ರೂಪಾಯಿ. ಅದರಲ್ಲಿ ರಾಸಾಯನಿಕಗಳಿಗೆ 1,80,000, ಅತಿಥಿ ಉಪನ್ಯಾಸಕರ ಗೌರವಧನಕ್ಕೆ 1,20,000, ಉಪಕರಣಗಳ ದುರಸ್ತಿ ಮತ್ತು ವಾರ್ಷಿಕ ನಿರ್ವಹಣೆಗೆ 90,000, ಗಾಜಿನ ಸಾಮಾನಿಗೆ 70,000. ಮಿಕ್ಕದ್ದು ವಿಚಾರ ಸಂಕಿರಣ, ಪುಸ್ತಕ, ಪ್ರವಾಸ, ಕಚೇರಿಯ ಸಣ್ಣಪುಟ್ಟ ಖರ್ಚು. ಎಂಟು ಪರ್ಸೆಂಟ್ ಸೇರಿಸಿದರೆ ಈ ವರ್ಷದ ಬೇಡಿಕೆ 6,48,000.

ಈ ಕ್ರಮವನ್ನು ಸೋಮಾರಿತನವೆಂದು ತಳ್ಳಿಹಾಕುವುದು ತಪ್ಪು. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಆರನ್ ವಿಲ್ಡಾವ್‌ಸ್ಕಿ 1964ರಲ್ಲಿ ಬಜೆಟ್ ರಾಜಕಾರಣದ ಮೇಲೆ ಬರೆದ ಪುಸ್ತಕದಲ್ಲಿ ಇದರ ಪರವಾಗಿ ಗಟ್ಟಿಯಾದ ವಾದ ಮಂಡಿಸಿದ್ದರು. ಹೋದ ವರ್ಷದ ಬಜೆಟ್ ಎಂದರೆ ಹಲವರು ಜಗಳವಾಡಿ ಕೊನೆಗೊಪ್ಪಿದ ಒಂದು ರಾಜಿ. ಅದನ್ನು ಪ್ರತಿ ವರ್ಷ ಕೆದಕಿದರೆ ಹಳೆಯ ಜಗಳಗಳೆಲ್ಲ ಮತ್ತೆ ಎದ್ದು ಕೂರುತ್ತವೆ. ಕಾಲೇಜಿನಲ್ಲೂ ಇದು ನಿಜ. ವಿಭಾಗದ ಹಣ ಸರಿಸುಮಾರು ಇಷ್ಟೇ ಇರುತ್ತದೆಂಬ ಭರವಸೆ ಇದ್ದರೆ ಅತಿಥಿ ಉಪನ್ಯಾಸಕರಿಗೆ ಜೂನ್‌ನಲ್ಲೇ ಮಾತು ಕೊಡಬಹುದು, ಸರಬರಾಜುದಾರರ ಹತ್ತಿರ ದರ ಮಾತಾಡಿಕೊಳ್ಳಬಹುದು. ನಾಲ್ಕು ಜನ ಉಪನ್ಯಾಸಕರಿರುವ ವಿಭಾಗಕ್ಕೆ ಹಾಗೆ ಉಳಿಯುವ ಸಮಯ ಸಣ್ಣ ಲಾಭವಲ್ಲ.

ತೊಂದರೆ ಇರುವುದು ಆ ಬುಡದಲ್ಲಿ. ಒಂದು ಕಾಲಕ್ಕೆ ಸರಿಯಾಗಿದ್ದ ಅಂಕಿ, ಅದಕ್ಕೆ ಕಾರಣವಾದ ಕೆಲಸ ಬದಲಾದ ಮೇಲೂ ಹಾಗೇ ಉಳಿದುಬಿಡುತ್ತದೆ. ಇದನ್ನು ಒಂದೇ ಒಂದು ಬಾಟಲಿಯ ಜಾಡು ಹಿಡಿದು ನೋಡಬಹುದು. ಸಿಲ್ವರ್ ನೈಟ್ರೇಟ್ ಪ್ರಯೋಗಾಲಯದ ದುಬಾರಿ ಸಾಮಗ್ರಿಗಳಲ್ಲೊಂದು, ಬೆಳ್ಳಿಯ ದರದ ಜೊತೆಗೆ ಅದರ ದರವೂ ಏರುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಅಳೆಯುವ ಮೋರ್ ವಿಧಾನದ ಟೈಟ್ರೇಷನ್‌ಗೆ ಅದು ಬೇಕು. ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಡುತ್ತಾ ಹೋದಂತೆ ಹಳದಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುವ ಪ್ರಯೋಗ ಅದು. ಒಬ್ಬ ವಿದ್ಯಾರ್ಥಿ ಬ್ಯೂರೆಟ್ ತೊಳೆಯುವುದು, ಒಂದು ಅಂದಾಜು ಓಟ, ಮೂರು ಸರಿಯಾದ ಓಟ ಎಲ್ಲ ಸೇರಿ 100 ಮಿಲಿಲೀಟರ್ ದ್ರಾವಣ ಬಳಸುತ್ತಾನೆ ಎಂದಿಟ್ಟುಕೊಳ್ಳಿ. ದ್ರಾವಣದ ಸಾಂದ್ರತೆ 0.05 ಮೋಲಾರ್ ಆಗಿದ್ದರೆ ಅದರಲ್ಲಿ ಕರಗಿರುವ ಸಿಲ್ವರ್ ನೈಟ್ರೇಟ್ ಸುಮಾರು 0.85 ಗ್ರಾಂ. ಅರವತ್ತು ವಿದ್ಯಾರ್ಥಿಗಳಿಗೆ 51 ಗ್ರಾಂ. ಪ್ರಾಯೋಗಿಕ ಪರೀಕ್ಷೆ, ತಪ್ಪಿದವರ ಮರುಪ್ರಯೋಗ, ಉಪನ್ಯಾಸಕರು ಮೊದಲೇ ಮಾಡಿ ನೋಡುವುದು, ಚೆಲ್ಲಿಹೋಗುವುದು ಇವಕ್ಕೆ ಇನ್ನೊಂದು 20 ಗ್ರಾಂ. ಒಟ್ಟು 70ರ ಆಸುಪಾಸು.

ಈಗ ದಾಸ್ತಾನು ಪುಸ್ತಕ ತೆಗೆಯಿರಿ. ವರ್ಷದ ಮೊದಲಿಗೆ ಕಪಾಟಿನಲ್ಲಿದ್ದದ್ದು 25 ಗ್ರಾಂನ 4 ಬಾಟಲಿ. ವರ್ಷದಲ್ಲಿ ಕೊಂಡದ್ದು 5. ಮಾರ್ಚ್ ಕೊನೆಯ ಎಣಿಕೆಯಲ್ಲಿ ಸಿಕ್ಕಿದ್ದು 6. ಅಂದರೆ ಖರ್ಚಾದದ್ದು 3 ಬಾಟಲಿ, 75 ಗ್ರಾಂ. ಪ್ರಯೋಗದಿಂದ ಕಟ್ಟಿದ ಲೆಕ್ಕವೂ ದಾಸ್ತಾನಿನಿಂದ ಬಂದ ಲೆಕ್ಕವೂ ಹತ್ತಿರ ಹತ್ತಿರ ಬಂದವು, ಹಾಗಾಗಿ ಎರಡನ್ನೂ ನಂಬಬಹುದು. ಪುಸ್ತಕದಲ್ಲಿ 120 ಗ್ರಾಂ ಖರ್ಚು ಕಂಡಿದ್ದರೆ ಬೇರೆ ಪ್ರಶ್ನೆ ಕೇಳಬೇಕಾಗುತ್ತಿತ್ತು: ದ್ರಾವಣ ಗಟ್ಟಿಯಾಗಿ ತಯಾರಾಗುತ್ತಿದೆಯೇ, ಪಕ್ಕದ ವಿಭಾಗಕ್ಕೆ ಕೊಟ್ಟ ಬಾಟಲಿ ಬರೆಯದೆ ಉಳಿದಿದೆಯೇ ಎಂದು.

ವರ್ಷಕ್ಕೆ 75 ಗ್ರಾಂ ಸಾಕಾದರೆ ಕಪಾಟಿನಲ್ಲಿರುವ 150 ಗ್ರಾಂ ಎರಡು ವರ್ಷಕ್ಕೆ ಸಾಲುತ್ತದೆ. ಈ ವರ್ಷ ಕೊಳ್ಳಬೇಕಾದದ್ದು ಸೊನ್ನೆ. ಏರಿಕೆ ಬಜೆಟ್ ಮಾತ್ರ ಐದು ಬಾಟಲಿಯ ಹಣಕ್ಕೆ ಇನ್ನೂ ಎಂಟು ಪರ್ಸೆಂಟ್ ಸೇರಿಸಿ ಕೇಳುತ್ತಿದೆ. ಆ ಐದು ಎಲ್ಲಿಂದ ಬಂತು? ಮೂರು ವರ್ಷದ ಹಿಂದೆ ವಿದ್ಯಾರ್ಥಿಗಳು 90 ಇದ್ದರು. ಆಗ ಬೇಕಾಗುತ್ತಿದ್ದದ್ದು 105 ಗ್ರಾಂ, ಐದು ಬಾಟಲಿ ಸರಿಯಾದ ಬೇಡಿಕೆಯೇ ಆಗಿತ್ತು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಹಣ ತಿನ್ನಲಿಲ್ಲ. ವಿದ್ಯಾರ್ಥಿಗಳು ಕಡಿಮೆಯಾದರು, ಅಂಕಿ ಕಡಿಮೆಯಾಗಲಿಲ್ಲ, ಅಷ್ಟೆ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಪಠ್ಯಕ್ರಮವೂ ಈಚೆಗೆ ಎರಡು ಸಲ ತಿರುವು ಕಂಡಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಇಂಥ ತಿರುವಿನಲ್ಲಿ ಪ್ರಾಯೋಗಿಕ ಪಟ್ಟಿಯಿಂದ ಬಿದ್ದುಹೋದ ಪ್ರಯೋಗದ ಸಾಮಗ್ರಿಗೂ ಬಜೆಟ್ಟಿನಲ್ಲಿ ಎಂಟು ಪರ್ಸೆಂಟ್ ಸಿಗುತ್ತಾ ಹೋಗಬಹುದು.

ಬುಡ ಕೆಟ್ಟಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತುಗಳಿವೆ. ಇಡೀ ವರ್ಷದ ಖರೀದಿಯಲ್ಲಿ ದೊಡ್ಡ ಪಾಲು ಮಾರ್ಚ್‌ನ ಬಿಲ್ಲುಗಳಲ್ಲೇ ಇರುವುದು ಒಂದು. ಖರ್ಚು ಮಾಡದಿದ್ದರೆ ಮುಂದಿನ ವರ್ಷ ಕತ್ತರಿ ಬೀಳುತ್ತದೆಂಬ ಭಯಕ್ಕೆ ಕೊಂಡದ್ದು ಅದು. ಅವಧಿ ಮುಗಿದ ಬಾಟಲಿಗಳು ಕಪಾಟಿನ ಹಿಂಬದಿಯಲ್ಲಿ ಸಾಲುಗಟ್ಟಿರುವುದು ಇನ್ನೊಂದು. ಇವುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಗುರುತು, ಅಂದರೆ ಪಟ್ಟಿಯಲ್ಲಿ ಇಲ್ಲದೇ ಇರುವ ಬಾಬ್ತು. ಹೋದ ವರ್ಷ ಶೂನ್ಯವಿದ್ದ ಬಾಬ್ತಿಗೆ ಎಂಟು ಪರ್ಸೆಂಟ್ ಸೇರಿಸಿದರೂ ಶೂನ್ಯವೇ. ಹೊಗೆಗೂಡಿನ ಫ್ಯಾನ್ ರಿಪೇರಿ, ಅಗ್ನಿಶಾಮಕ ಸಿಲಿಂಡರಿನ ಮರುಭರ್ತಿ, ಕಣ್ಣು ತೊಳೆಯುವ ವ್ಯವಸ್ಥೆ, ತ್ಯಾಜ್ಯ ರಾಸಾಯನಿಕಗಳ ವಿಲೇವಾರಿ ಇವು ನಮ್ಮ ಈ ವಿಭಾಗದ ಆರು ಲಕ್ಷದಲ್ಲಿ ಎಲ್ಲೂ ಇಲ್ಲ. ಇಪ್ಪತ್ತು ಹುಡುಗ ಹುಡುಗಿಯರು ಆಮ್ಲದ ಬಾಟಲಿಗಳ ನಡುವೆ ನಿಂತು ಕೆಲಸ ಮಾಡುವ ಕೋಣೆಯದು.

ಶೂನ್ಯಾಧಾರಿತ ಬಜೆಟ್ಟಿಗೆ ಇಂದಿನ ರೂಪ ಕೊಟ್ಟವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ಪೀಟರ್ ಪೈರ್. ಕಂಪನಿಯಲ್ಲಿ ತಾವು ಪ್ರಯೋಗಿಸಿದ ಕ್ರಮವನ್ನು ಅವರು 1970ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು. ಸೊನ್ನೆ ಎಂಬ ಪದ ಕೇಳಿ ಎಲ್ಲವನ್ನೂ ರದ್ದು ಮಾಡುವುದೆಂದು ಬೆಚ್ಚಬೇಕಾಗಿಲ್ಲ. ವಿಭಾಗ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ಹೆಸರಿಸಬೇಕು. ಪ್ರತಿ ಕೆಲಸಕ್ಕೂ ಒಂದು ಹಾಳೆ: ಇದು ಯಾರಿಗಾಗಿ, ಎಷ್ಟು ಪ್ರಮಾಣದಲ್ಲಿ, ಬೇರೆ ದಾರಿಯಲ್ಲಿ ಮಾಡಬಹುದೇ, ಮಾಡದಿದ್ದರೆ ಏನಾಗುತ್ತದೆ. ಮುಖ್ಯವಾಗಿ, ಇದನ್ನು ತೀರ ಕನಿಷ್ಠ ಮಟ್ಟದಲ್ಲಿ ಮಾಡಿದರೆ ಎಷ್ಟು, ಅದರ ಮೇಲಿನ ಮಟ್ಟಕ್ಕೆ ಇನ್ನೆಷ್ಟು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಈ ಹಾಳೆಯನ್ನು ಪೈರ್ ನಿರ್ಧಾರದ ಪೊಟ್ಟಣವೆಂದು ಕರೆದರು. ಆಮೇಲೆ ಎಲ್ಲ ಪೊಟ್ಟಣಗಳನ್ನೂ ಮಹತ್ವದ ಕ್ರಮದಲ್ಲಿ ಮೇಲಿನಿಂದ ಕೆಳಗೆ ಜೋಡಿಸಿ, ಹಣ ಮುಗಿಯುವ ಕಡೆ ಗೆರೆ ಎಳೆಯುವುದು.

ಸಿಲ್ವರ್ ನೈಟ್ರೇಟಿನ ಹಾಳೆಯಲ್ಲಿ ‘ಬೇರೆ ದಾರಿ’ ಎಂಬ ಕಡೆ ಏನು ಬರೆಯಬಹುದು? ಸಾಂದ್ರತೆಯನ್ನು 0.05ರಿಂದ 0.02 ಮೋಲಾರ್‌ಗೆ ಇಳಿಸಿ, ಅದಕ್ಕೆ ತಕ್ಕಂತೆ ಮಾದರಿ ನೀರನ್ನೂ ತೆಳುವಾಗಿಸಿದರೆ 75 ಗ್ರಾಂನ ಕೆಲಸ 30 ಗ್ರಾಂನಲ್ಲಿ ಆಗುತ್ತದೆ. ಇದಕ್ಕೂ ಒಂದು ಬೆಲೆ ಇದೆ. ದ್ರಾವಣ ತೆಳುವಾದಷ್ಟೂ ಬಣ್ಣ ತಿರುಗುವ ಬಿಂದು ಮಸುಕಾಗುತ್ತದೆ, ಮಾದರಿಯಿಲ್ಲದೆ ಒಂದು ಓಟ ಮಾಡಿ ಆ ಅಂಕಿಯನ್ನು ಕಳೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕಾಗುತ್ತದೆ. ಇಂಥ ಮಾತು ಬರೆಯಲು ರಸಾಯನಶಾಸ್ತ್ರ ಗೊತ್ತಿರಬೇಕು. ಕಚೇರಿಯ ಲೆಕ್ಕಿಗರಿಗೆ ಇದು ಆಗದು. ಶೂನ್ಯಾಧಾರಿತ ಬಜೆಟ್ಟಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ: ಹಣದ ಪ್ರಶ್ನೆಯನ್ನು ಅದು ಪಾಠದ ಪ್ರಶ್ನೆಯಾಗಿ ಬದಲಿಸಿ, ಪಾಠ ಬಲ್ಲವರ ಮುಂದೆ ಇಡುತ್ತದೆ.

ಹೀಗೆ ಹಾಳೆ ಬರೆಯುತ್ತಾ ಹೋದರೆ ನಮ್ಮ ವಿಭಾಗದಲ್ಲಿ ಕೆಲವು ಬಾಬ್ತುಗಳು ಕರಗುತ್ತವೆ. ನಿರ್ವಹಣೆಯ 90,000ದಲ್ಲಿ 40,000 ಹೋಗುತ್ತಿದ್ದದ್ದು ಒಂದು ಫ್ಲೇಮ್ ಫೋಟೋಮೀಟರಿನ ಒಪ್ಪಂದಕ್ಕೆ. ಅದನ್ನು ಬಳಸುವ ಪ್ರಯೋಗ ಈಗಿನ ಪಟ್ಟಿಯಲ್ಲಿಲ್ಲ. ನಿಯತಕಾಲಿಕಗಳಿಗೆಂದಿದ್ದ ಹಣದಲ್ಲಿ ಬಹುಪಾಲು ಬೇಡವಾಗುತ್ತದೆ, ಏಕೆಂದರೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಎನ್-ಲಿಸ್ಟ್ ಯೋಜನೆಗೆ ಗ್ರಂಥಾಲಯ ಆಗಲೇ ಸದಸ್ಯನಾಗಿದೆ. ಅತಿಥಿ ಉಪನ್ಯಾಸಕರ ಹಾಳೆ ಮಾತ್ರ ಅಲುಗಾಡದೆ ನಿಲ್ಲುತ್ತದೆ. ವಾರಕ್ಕೆ 8 ಗಂಟೆ, 30 ವಾರ, ಗಂಟೆಗೆ 500 ರೂಪಾಯಿ ಎಂದು ಗುಣಿಸಿದರೆ ಬರುವುದು ಅದೇ 1,20,000. ಹಳೆಯ ಅಂಕಿ ಸರಿಯಿತ್ತು ಎಂದು ಗೊತ್ತಾಗುವುದೂ ಈ ಕೆಲಸದ ಫಲವೇ.

ಈಗ ಜೋಡಣೆ. ಮೊದಲನೆಯ ಸ್ಥಾನ ಸುರಕ್ಷತೆಗೆ, 45,000. ಎರಡನೆಯದು ಪ್ರಾಯೋಗಿಕ ತರಗತಿಯ ಕನಿಷ್ಠ ಮಟ್ಟ, 1,10,000: ಪಟ್ಟಿಯಲ್ಲಿರುವ ಎಲ್ಲ ಪ್ರಯೋಗಗಳೂ ನಡೆಯುತ್ತವೆ, ದುಬಾರಿ ಸಾಮಗ್ರಿಯವನ್ನು ಇಬ್ಬರು ಸೇರಿ ಮಾಡುತ್ತಾರೆ. ಮೂರನೆಯದು ಅತಿಥಿ ಉಪನ್ಯಾಸಕರು. ನಂತರ ದುರಸ್ತಿಯೂ ಒಡೆದ ಗಾಜಿನ ಭರ್ತಿಯೂ ಸೇರಿ 90,000. ಇಲ್ಲಿಗೆ ಮೊತ್ತ 3,65,000. ಅದರ ಕೆಳಗೆ ಪ್ರಾಯೋಗಿಕದ ಎರಡನೇ ಮಟ್ಟ, 40,000: ಪ್ರತಿಯೊಬ್ಬರೂ ಪ್ರತಿ ಪ್ರಯೋಗವನ್ನು ತಾವೇ ಮಾಡುವುದು, ತಪ್ಪಿದರೆ ಮತ್ತೊಮ್ಮೆ ಮಾಡುವುದು. ಆಮೇಲೆ ಪ್ರವಾಸ, ಕಚೇರಿ ಖರ್ಚು, ಪುಸ್ತಕಗಳಿಗೆ 45,000. ಸುತ್ತಲಿನ ಹಳ್ಳಿಗಳ ಬಾವಿ ನೀರು ತಂದು ಪರೀಕ್ಷಿಸುವ ಹೊಸ ವಿದ್ಯಾರ್ಥಿ ಯೋಜನೆಗೆ 35,000. ಊರಿನವರೇ ಬಂದು ಕೊಡುವ ಉಪನ್ಯಾಸಗಳಿಗೆ 15,000. ಒಟ್ಟು 5 ಲಕ್ಷ. ಇನ್ನೂ ಕೆಳಗೆ ರಾಜ್ಯಮಟ್ಟದ ವಿಚಾರ ಸಂಕಿರಣ 45,000, ಹೊಸ ಪಿಎಚ್ ಮೀಟರ್ ಮತ್ತು ತಕ್ಕಡಿಗೆ 80,000.

ಆಡಳಿತ ಮಂಡಳಿಯ ಕೈಯಲ್ಲಿ 5 ಲಕ್ಷ ಮಾತ್ರ ಇದ್ದರೆ ಗೆರೆ ಉಪನ್ಯಾಸಗಳ ಕೆಳಗೆ ಬೀಳುತ್ತದೆ. ಏರಿಕೆ ಕ್ರಮದಲ್ಲಿ ಇದೇ ಸ್ಥಿತಿ ಬಂದಿದ್ದರೆ ಎಲ್ಲ ಬಾಬ್ತಿನಲ್ಲೂ ಇಷ್ಟಿಷ್ಟು ಪರ್ಸೆಂಟ್ ಕಡಿತವಾಗುತ್ತಿತ್ತು, ಯಾವ ಕೆಲಸ ನಿಂತಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ನಿಲ್ಲುವುದು ವಿಚಾರ ಸಂಕಿರಣ ಮತ್ತು ಹೊಸ ಮೀಟರ್ ಎಂದು ಹೆಸರು ಹಿಡಿದು ಹೇಳಬಹುದು. ವರ್ಷದ ನಡುವೆ ಐವತ್ತು ಸಾವಿರ ಸಿಕ್ಕರೆ ಮುಂದೆ ಯಾವುದು ಎಂಬುದೂ ಆಗಲೇ ತೀರ್ಮಾನವಾಗಿದೆ.

ಕಾಗದದ ಮೇಲೆ ಇಷ್ಟು ಚೆನ್ನಾಗಿ ಕಾಣುವ ಈ ಕ್ರಮ ದೊಡ್ಡ ಮಟ್ಟದಲ್ಲಿ ಹಲವು ಸಲ ಸೋತಿದೆ. ಅಮೆರಿಕದ ಕೃಷಿ ಇಲಾಖೆ 1960ರ ದಶಕದ ಆರಂಭದಲ್ಲೇ ಎಲ್ಲವನ್ನೂ ಬುಡದಿಂದ ಸಮರ್ಥಿಸುವ ಪ್ರಯತ್ನ ಮಾಡಿತ್ತು. ಅದನ್ನು ಅಧ್ಯಯನ ಮಾಡಿದ ವಿಲ್ಡಾವ್‌ಸ್ಕಿ ಮತ್ತು ಅವರ ಸಹಲೇಖಕರಿಗೆ ಕಂಡದ್ದು ಅಪಾರ ಶ್ರಮ, ಅತ್ಯಲ್ಪ ಬದಲಾವಣೆ. ಪೈರ್ ಅವರ ಲೇಖನ ಓದಿ ಮೆಚ್ಚಿದ ಜಾರ್ಜಿಯಾ ರಾಜ್ಯದ ಗವರ್ನರ್ ಜಿಮ್ಮಿ ಕಾರ್ಟರ್ ಅವರನ್ನೇ ಕರೆಸಿ ಇಡೀ ರಾಜ್ಯಕ್ಕೆ ಈ ಕ್ರಮ ತಂದರು. ಹತ್ತು ಸಾವಿರದಷ್ಟು ಪೊಟ್ಟಣಗಳು ತಯಾರಾದವು. ಅಷ್ಟನ್ನು ಒಬ್ಬ ಗವರ್ನರ್ ಓದಿ ಹೋಲಿಸುವುದು ಆಗದ ಮಾತು. 1977ರಲ್ಲಿ ಅಧ್ಯಕ್ಷರಾದ ಮೇಲೆ ಕಾರ್ಟರ್ ಕೇಂದ್ರ ಸರ್ಕಾರಕ್ಕೂ ಅದನ್ನು ತಂದರು, 1981ರಲ್ಲಿ ರೇಗನ್ ಆಡಳಿತ ಕೈಬಿಟ್ಟಿತು. ನಮ್ಮಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1983ರಲ್ಲಿ ಇದನ್ನು ಅಳವಡಿಸಿತು, 1986ರಲ್ಲಿ ಕೇಂದ್ರ ಸರ್ಕಾರ ಎಲ್ಲ ಸಚಿವಾಲಯಗಳಿಗೂ ವಿಸ್ತರಿಸಿತು. ಆದರೆ ಅದು ಬೇರು ಬಿಡಲಿಲ್ಲ.

ಒಂದು ವಿಭಾಗದ ಹದಿನೈದು ಹಾಳೆಗಳಿಗೆ ಈ ಗತಿ ಬರಬೇಕಾಗಿಲ್ಲ, ಅಷ್ಟನ್ನು ಒಂದು ಮಧ್ಯಾಹ್ನ ಕೂತು ಓದಬಹುದು. ಸಣ್ಣ ಪ್ರಮಾಣಕ್ಕೂ ಬಾಧಿಸುವ ರೋಗ ಬೇರೆ ಇದೆ. ಜೋಡಣೆ ಮಾಡುವವರು ಜಾಣರಾದರೆ ಯಾರೂ ಕತ್ತರಿಸಲಾರದ ಕೆಲಸವನ್ನು ಬೇಕೆಂದೇ ಕೆಳಗೆ ಇಡುತ್ತಾರೆ. ಎರಡನೇ ವರ್ಷದ ಪ್ರಾಯೋಗಿಕ ತರಗತಿಯನ್ನು ಹನ್ನೊಂದನೆಯದಾಗಿಯೂ ವಿಚಾರ ಸಂಕಿರಣವನ್ನು ನಾಲ್ಕನೆಯದಾಗಿಯೂ ಇಟ್ಟರೆ, ಪ್ರಿನ್ಸಿಪಾಲರು ಪ್ರಾಯೋಗಿಕವನ್ನು ನಿಲ್ಲಿಸಲಾರದೆ ಗೆರೆಯನ್ನೇ ಕೆಳಗಿಳಿಸಬೇಕಾಗುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ. ವಿಶ್ವವಿದ್ಯಾಲಯದ ಅಥವಾ ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯ ಪಠ್ಯಕ್ರಮದಲ್ಲಿ ಕಡ್ಡಾಯವಾಗಿರುವ ಯಾವುದೇ ಕೆಲಸ ಪಟ್ಟಿಯ ಕೆಳಭಾಗದಲ್ಲಿ ಕಂಡರೆ ಆ ಪಟ್ಟಿಯನ್ನು ವಾಪಸು ಕಳಿಸಬೇಕು. ಕನಿಷ್ಠ ಮಟ್ಟವೂ ಅಷ್ಟೇ. ಎಲ್ಲ ಹಾಳೆಗಳಲ್ಲೂ ಅದು ಹೋದ ವರ್ಷದ ಖರ್ಚಿನ ತೊಂಬತ್ತೈದು ಪರ್ಸೆಂಟ್ ಎಂದೇ ಇದ್ದರೆ ಯಾರೂ ಯೋಚಿಸಿಲ್ಲ, ಏರಿಕೆ ಬಜೆಟ್ಟಿಗೇ ಹೊಸ ಅಂಗಿ ತೊಡಿಸಿದ್ದಾರೆ.

ಹಣದಲ್ಲಿ ಒಂದು ಭಾಗ ಈ ಜೋಡಣೆಗೆ ಸಿಗುವುದೇ ಇಲ್ಲ ಎಂಬುದನ್ನೂ ಗಮನಿಸಬೇಕು. ಯುಜಿಸಿಯಿಂದಲೋ ಬೇರೆ ಯೋಜನೆಯಿಂದಲೋ ಒಂದು ಉದ್ದೇಶಕ್ಕೆಂದು ಬಂದ ಅನುದಾನವನ್ನು ಅದಕ್ಕೇ ಬಳಸಿ ಬಳಕೆ ಪ್ರಮಾಣಪತ್ರ ಕೊಡಬೇಕು. ವಿಚಾರ ಸಂಕಿರಣಕ್ಕೆ ಬಂದ ಹಣದಿಂದ ಅಗ್ನಿಶಾಮಕ ಸಿಲಿಂಡರ್ ತುಂಬಿಸಲಾಗದು. ಆದ್ದರಿಂದ ಹಾಳೆ ಬರೆಯುವ ಮೊದಲೇ ಕೈಕಟ್ಟಿದ ಹಣವನ್ನು ಬೇರೆ ತೆಗೆದಿಡುವುದು ಒಳ್ಳೆಯದು. ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾದರೆ ಪ್ರವೇಶದ ಸಂಖ್ಯೆ ಗೊತ್ತಾಗುವುದು ಅದಾದ ಕೆಲವು ತಿಂಗಳ ಮೇಲೆ. ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ನಿಂತ ಲೆಕ್ಕವನ್ನು ಪ್ರವೇಶ ಮುಗಿದ ಮೇಲೆ ಒಮ್ಮೆ ತಿದ್ದಲೇಬೇಕು, ಇಲ್ಲವಾದರೆ ಸೊನ್ನೆಯಿಂದ ಕಟ್ಟಿದ ಅಂಕಿಯೂ ಊಹೆಯೇ ಆಗುತ್ತದೆ.

ನನ್ನ ಮತ ಇಷ್ಟು. ಪ್ರತಿ ವರ್ಷ ಎಲ್ಲವನ್ನೂ ಸೊನ್ನೆಯಿಂದ ಬರೆಸಿದರೆ ಎರಡನೇ ವರ್ಷವೇ ಹಳೆಯ ಹಾಳೆಗಳ ನಕಲು ಬರುತ್ತದೆ, ಉಪನ್ಯಾಸಕರ ಸಮಯವೂ ಹಾಳು. ಬಾಬ್ತುಗಳನ್ನು ಮೂರು ಗುಂಪು ಮಾಡಿ ವರ್ಷಕ್ಕೊಂದು ಗುಂಪನ್ನು ಮಾತ್ರ ಹೀಗೆ ಬಿಚ್ಚಿ ನೋಡುವುದು, ಉಳಿದೆರಡಕ್ಕೆ ಬೆಲೆಯೇರಿಕೆಯಷ್ಟೇ ಸೇರಿಸುವುದು ಒಂದು ವಿಭಾಗ ನಿಭಾಯಿಸಬಲ್ಲ ದಾರಿ. ಮೊದಲ ವರ್ಷ ರಾಸಾಯನಿಕ ಮತ್ತು ಗಾಜು, ಏಕೆಂದರೆ ದಾಸ್ತಾನು ಪುಸ್ತಕ ಕೈಯಲ್ಲೇ ಇದೆ, ಅಟೆಂಡರ್ ಜೊತೆ ಎರಡು ದಿನ ಕೂತರೆ ಲೆಕ್ಕ ಹೊರಬರುತ್ತದೆ. ಎರಡನೇ ವರ್ಷ ಉಪಕರಣ ಮತ್ತು ಒಪ್ಪಂದಗಳು. ಮೂರನೆಯದಕ್ಕೆ ಪುಸ್ತಕ, ಸಂಕಿರಣ, ಪ್ರವಾಸ. ಸುರಕ್ಷತೆಯ ಹಾಳೆಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಪಾಠದ ಹೊರೆಯ ಮೇಲೆ ನಿಂತ ಅತಿಥಿ ಉಪನ್ಯಾಸಕರ ಗೌರವಧನ ಹೇಗೂ ವೇಳಾಪಟ್ಟಿಯಿಂದಲೇ ಹುಟ್ಟುತ್ತದೆ.

ಇದಕ್ಕೆ ಆಡಳಿತ ಮಂಡಳಿಯಿಂದ ಒಂದು ಮಾತು ಬರಹದಲ್ಲಿ ಸಿಗಬೇಕು: ಬಿಚ್ಚಿ ನೋಡಿದ ವರ್ಷ ಹೊರಬಂದ ಉಳಿತಾಯದಲ್ಲಿ ಅರ್ಧದಷ್ಟಾದರೂ ಅದೇ ವಿಭಾಗದಲ್ಲಿ, ಗೆರೆಯ ಕೆಳಗೆ ಉಳಿದ ಮೊದಲ ಪೊಟ್ಟಣಕ್ಕೆ ಹೋಗುತ್ತದೆ ಎಂದು. ಸಿಲ್ವರ್ ನೈಟ್ರೇಟ್ ಎರಡು ವರ್ಷಕ್ಕೆ ಸಾಲುವಷ್ಟಿದೆ ಎಂದು ಪ್ರಾಮಾಣಿಕವಾಗಿ ಬರೆದ ಮುಖ್ಯಸ್ಥರಿಗೆ ಆ ಹಣ ಪೂರ್ತಿ ಕೈತಪ್ಪಿದರೆ, ಮುಂದಿನ ಮಾರ್ಚ್‌ನ ಎಣಿಕೆಯಲ್ಲಿ ಆರು ಬಾಟಲಿ ಇದ್ದರೂ ಪುಸ್ತಕದಲ್ಲಿ ಒಂದೇ ಕಾಣುತ್ತದೆ. ಆಮೇಲೆ ಯಾವ ಕ್ರಮದ ಲೆಕ್ಕಕ್ಕೂ ಆಧಾರ ಉಳಿಯುವುದಿಲ್ಲ.